ಬಾಯ್ಕಾಟ್ ಬಹಿಷ್ಕಾರವನ್ನು ಕಂಡುಹಿಡಿಯಲಿಲ್ಲ

"ಐರ್ಲೆಂಡಿನಲ್ಲಿ ಬಾಯ್ಕಾಟ್ ಎಂಬ ಕ್ರೂರ ಜಮೀನ್ದಾರನಿದ್ದ. ಅವನೇ ಬಹಿಷ್ಕಾರವನ್ನು ಜಗತ್ತಿಗೆ ಪರಿಚಯಿಸಿದ. ಹೀಗೆ ಆ ಪದ ಹುಟ್ಟಿತು. ಸ್ಯಾಂಡ್‌ವಿಚ್ ಕೂಡ ಇದೇ ರೀತಿ ಹುಟ್ಟಿದ ಪದ." ಸರ್, ವ್ಯಕ್ತಿಗಳ ಹೆಸರಿನಿಂದ ಬಂದ ಪದಗಳ ಬಗ್ಗೆ ಬರೆದ ಲೇಖನದ ಆರಂಭ ಇದು. ಪ್ರಕಟಣೆಗೆ ಯೋಗ್ಯವೇ, ತಿಳಿಸಿ.

ಪ್ರಿಯ ಬರಹಗಾರರೇ,

ವಿಷಯ ಒಳ್ಳೆಯದು, ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. ಮೊದಲ ನಾಲ್ಕು ಸಾಲುಗಳಲ್ಲೇ ನಾನು ಸಿಕ್ಕಿಕೊಂಡೆ.

ಮೊದಲನೇ ಸಾಲು. ಚಾರ್ಲ್ಸ್ ಬಾಯ್ಕಾಟ್ ಆ ಜಮೀನಿನ ಒಡೆಯನಲ್ಲ. ಮೇಯೊ ಕೌಂಟಿಯಲ್ಲಿ ಆ ಭೂಮಿ ಲಾರ್ಡ್ ಅರ್ನ್ ಅವರದು. ಬಾಯ್ಕಾಟ್ ಅವರ ಏಜೆಂಟ್, ಗೇಣಿ ವಸೂಲಿ ಮಾಡುವವನು. ಇದು ಸಣ್ಣ ತಪ್ಪಲ್ಲ. ಒಡೆಯ ದೂರದಲ್ಲಿದ್ದ. ರೈತರ ಕಣ್ಣಿಗೆ ದಿನವೂ ಬೀಳುತ್ತಿದ್ದವನು, ಅವರ ಬಾಯಲ್ಲಿ ಓಡಾಡುತ್ತಿದ್ದ ಹೆಸರಿನವನು ಏಜೆಂಟ್. ಪದಕ್ಕೆ ಅರ್ನ್ ಹೆಸರು ಬಾರದೆ ಬಾಯ್ಕಾಟ್ ಹೆಸರು ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದನ್ನು ನೀವು ಅಳಿಸಿಬಿಟ್ಟಿದ್ದೀರಿ.

ಎರಡನೇ ಸಾಲು ತಲೆಕೆಳಗಾಗಿದೆ. ಅವನು ಬಹಿಷ್ಕಾರ ಮಾಡಿದವನಲ್ಲ, ಅದಕ್ಕೆ ಒಳಗಾದವನು. 1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದಲ್ಲಿ ಐರಿಶ್ ರೈತ ಚಳವಳಿಯ ನಾಯಕ ಪಾರ್ನೆಲ್ ಭಾಷಣ ಮಾಡಿದರು. ನೆರೆಯವನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಯಾರಾದರೂ ಹಿಡಿದರೆ ರಸ್ತೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲೂ ಅವನಿಂದ ದೂರವಿರಿ ಎಂದರು. ಆ ಮಾತು ರೈತನ ಬಗ್ಗೆ, ಏಜೆಂಟನ ಬಗ್ಗೆ ಅಲ್ಲ. ಏಜೆಂಟನ ಮೇಲೆ ಅದನ್ನು ಬಳಸಿದವರು ಮೇಯೊದ ಜನ. ಮೇಯೊದ ಗೇಣಿದಾರರು ಗೇಣಿಯಲ್ಲಿ 25% ಇಳಿಕೆ ಕೇಳಿದ್ದರು, ಅರ್ನ್ ಕೊಟ್ಟದ್ದು 10%. ಸೆಪ್ಟೆಂಬರ್ 22ರಂದು ಒಕ್ಕಲೆಬ್ಬಿಸುವ ನೋಟಿಸು ಹಿಡಿದು ಬಂದವನ ಮೇಲೆ ಹೆಂಗಸರು ಕೆಸರು, ಗೊಬ್ಬರ ಎಸೆದರು. ಆಮೇಲೆ ಕೆಲಸದವರು ಬಾಯ್ಕಾಟನ ಮನೆ, ಹೊಲ ಬಿಟ್ಟು ಹೊರಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು. ನವೆಂಬರಿನಲ್ಲಿ ಉತ್ತರದಿಂದ 50 ಜನ ಬಂದು, ಸೈನಿಕರ ಕಾವಲಿನಲ್ಲಿ ಬೆಳೆ ತೆಗೆದರು. ಕಾವಲಿನ ಖರ್ಚು ಬೆಳೆಯ ಬೆಲೆಯನ್ನು ಎಷ್ಟೋ ಪಟ್ಟು ಮೀರಿತ್ತು. ತಿಂಗಳ ಕೊನೆಗೆ ಬಾಯ್ಕಾಟ್ ಅಲ್ಲಿಂದ ಹೊರಟುಹೋದ.

ಇನ್ನು "ಹೀಗೆ ಆ ಪದ ಹುಟ್ಟಿತು." ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಸಾಲಿನ ಮೇಲೆ. ಹೀಗೆ ಅಂದರೆ ಹೇಗೆ? ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಸಂಪಾದಕರೊಬ್ಬರು ಕರಡು ತಿದ್ದುತ್ತಿದ್ದರು. "ಹೀಗೆ", "ಇದರಿಂದ", "ಕ್ರಮೇಣ" ಕಂಡರೆ ಸಾಕು, ಸುತ್ತ ಗೆರೆ ಎಳೆದು ಅಂಚಿನಲ್ಲಿ "ಯಾರು? ಎಲ್ಲಿ?" ಎಂದು ಬರೆಯುತ್ತಿದ್ದರು. ಉತ್ತರ ಸಿಗುವವರೆಗೆ ಆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಒಂದು ವಾಕ್ಯದ ಹಿಂದೆ ಸಂಜೆಯವರೆಗೂ ಗ್ರಂಥಾಲಯದಲ್ಲಿ ಕೂತದ್ದುಂಟು. ಆ ಎರಡು ಪ್ರಶ್ನೆಗಳನ್ನು ನಿಮ್ಮ ಸಾಲಿನ ಪಕ್ಕದಲ್ಲೂ ಬರೆದಿದ್ದೇನೆ.

ಉತ್ತರ ಸಿಗುತ್ತದೆ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಹೇಳುವ ಪ್ರಕಾರ, ಅವರು ಊರಿನ ಪಾದ್ರಿ ಫಾದರ್ ಓಮಾಲಿ ಜೊತೆ ಊಟಕ್ಕೆ ಕೂತಿದ್ದರು. ಜನರನ್ನು ದೂರವಿಡುವುದಕ್ಕೆ ಇಂಗ್ಲಿಷಿನಲ್ಲಿದ್ದ "ಆಸ್ಟ್ರಸಿಸಂ" ಎಂಬ ಪದ ರೈತರಿಗೆ ಅರ್ಥವಾಗುವುದಿಲ್ಲ, ಬೇರೆ ಏನಾದರೂ ಬೇಕು ಎಂಬ ಮಾತು ಬಂತು. ಆಗ ಪಾದ್ರಿ ಬಾಯ್ಕಾಟನ ಹೆಸರನ್ನೇ ಕ್ರಿಯಾಪದ ಮಾಡಿದರೆ ಹೇಗೆ ಎಂದರು. ಜನರನ್ನು ದೂರವಿಡುವ ಕೆಲಸ ಬಹಳ ಹಳೆಯದು ಎಂಬುದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ? ಇಲ್ಲದೆ ಇದ್ದದ್ದು ಎಲ್ಲರ ನಾಲಿಗೆಗೂ ಸಿಗುವ ಹೆಸರು.

ಆದರೆ ಒಬ್ಬರು ಹೇಳಿದ ಮಾತ್ರಕ್ಕೆ ಪದ ನಿಲ್ಲುವುದಿಲ್ಲ. ಬಾಯ್ಕಾಟ್ ತಾನೇ ಅಕ್ಟೋಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕಷ್ಟ ತೋಡಿಕೊಂಡು ಪತ್ರ ಬರೆದಿದ್ದ. ವರದಿಗಾರರು ಬಂದರು, ಹೆಸರು ದೂರ ದೂರ ಹೋಯಿತು. ನವೆಂಬರಿನಲ್ಲಿ ಅದೇ ಪತ್ರಿಕೆ ಲಿಮರಿಕ್ ಕೌಂಟಿಯ ನ್ಯೂ ಪಲ್ಲಾಸ್ ಜನ ಬೇರೆಯವರನ್ನು "ಬಾಯ್ಕಾಟ್" ಮಾಡಲು ನಿರ್ಧರಿಸಿದ್ದಾರೆ ಎಂದು ಬರೆಯಿತು. ಪದ ಹುಟ್ಟಿದ್ದನ್ನು ಗುರುತಿಸಬೇಕಾದ ಜಾಗ ಇದು. ಬಾಯ್ಕಾಟ್ ಇಲ್ಲದ ಊರು, ಬಾಯ್ಕಾಟ್ ಅಲ್ಲದ ಮನುಷ್ಯ, ಆದರೂ ವಾಕ್ಯ ಅರ್ಥವಾಗುತ್ತದೆ. ಹೆಸರು ಮನುಷ್ಯನನ್ನು ಬಿಟ್ಟು ಹೊರಟಿತು. ಆಮೇಲೆ ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬಿದ್ದುಹೋಯಿತು, ಫ್ರೆಂಚ್, ಜರ್ಮನ್ ಭಾಷೆಗಳೂ ಅದನ್ನು ತೆಗೆದುಕೊಂಡವು.

ಸ್ಯಾಂಡ್‌ವಿಚ್ "ಇದೇ ರೀತಿ" ಬಂದದ್ದಲ್ಲ. ಅಲ್ಲಿ ಜಗಳವಿಲ್ಲ, ಹೆಸರಿಡಬೇಕೆಂದು ಯೋಚಿಸಿದವರೂ ಕಾಣುವುದಿಲ್ಲ. ಆ ತಿಂಡಿಗೆ ಯಾರಿಂದ ಹೆಸರು ಬಂತೋ ಆ ಶ್ರೀಮಂತನ ಹೆಸರು ಜಾನ್ ಮಾಂಟೆಗು. ಸ್ಯಾಂಡ್‌ವಿಚ್ ಅವನ ಪದವಿ, ಅದೂ ಇಂಗ್ಲೆಂಡಿನ ಒಂದು ಊರಿನ ಹೆಸರು. 1762ರಲ್ಲೇ ಇತಿಹಾಸಕಾರ ಗಿಬ್ಬನ್ ದಿನಚರಿಯಲ್ಲಿ ಆ ತಿಂಡಿಯ ಹೆಸರು ಬರೆದಿದ್ದಾನೆ. ಜೂಜಿನ ಮೇಜು ಬಿಟ್ಟೇಳದೆ ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತಿಂದ ಎಂದು ನೀವು ಮುಂದೆ ಖಚಿತವೆಂಬಂತೆ ಹೇಳುವ ಕಥೆ ಗ್ರೋಲಿ ಎಂಬ ಫ್ರೆಂಚ್ ಪ್ರವಾಸಿ ಲಂಡನ್ ಬಗ್ಗೆ 1770ರಲ್ಲಿ ಪ್ರಕಟಿಸಿದ ಪುಸ್ತಕದ್ದು. ಕಥೆಯನ್ನು ಬಿಡಬೇಕಿಲ್ಲ, ಆದರೆ ಹೇಳಿದವನ ಹೆಸರು ಜೊತೆಗಿರಲಿ.

ಕೊನೆಯ ಪುಟದ ಪದಗಳ ಪಟ್ಟಿ ಬಿಡಿ. ಬಾಯ್ಕಾಟ್ ಒಂದನ್ನೇ ಹಿಡಿದು, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬರೆದು ಮತ್ತೆ ಕಳಿಸಿ. ಓದುತ್ತೇನೆ.