ಆರು ಚೀಲ ರಕ್ತ ಕೊಟ್ಟರೂ ಬಿಪಿ ಏರದಿದ್ದರೆ

"ಯಾದಗಿರಿಯಿಂದ ಕಲಬುರಗಿಗೆ ಹೆರಿಗೆ ನಂತರದ ರಕ್ತಸ್ರಾವದ ಕೇಸ್ ಬಂತು. ಗಂಟೆಯೊಳಗೆ ಆರು ಚೀಲ ಕೆಂಪುಕಣ ಹಾಕಿದರೂ ಬಿಪಿ 80 ದಾಟಲಿಲ್ಲ, ಸೂಜಿ ಚುಚ್ಚಿದಲ್ಲೆಲ್ಲ ಒಸರುತ್ತಿತ್ತು. ಯಾಕೆ?"

ಸಿಸ್ಟರ್, ರಕ್ತ ಇನ್ನೂ ಹೋಗುತ್ತಿದೆಯೇ ಎಂದು ಮೊದಲು ನೋಡಬೇಕು. ಅದರ ಜೊತೆಗೇ ಕ್ಯಾಲ್ಸಿಯಂ ನೋಡಿ. ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿರುತ್ತಾರೆ. ಅದು ರೋಗಿಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ನಿಧಾನವಾಗಿ ಕೊಟ್ಟರೆ ಲಿವರ್ ಸಿಟ್ರೇಟನ್ನು ಕರಗಿಸಿಬಿಡುತ್ತದೆ. ಶಾಕ್‌ನಲ್ಲಿದ್ದು ಮೈ ತಣ್ಣಗಾದವರಲ್ಲಿ ಆ ಕೆಲಸ ಕುಂಠಿತ. ಆಗ ಹೃದಯದ ಬಡಿತ ಸೊರಗುತ್ತದೆ, ರಕ್ತನಾಳ ಸಡಿಲವಾಗುತ್ತದೆ, ಹೆಪ್ಪುಗಟ್ಟುವಿಕೆಯೂ ಕೆಡುತ್ತದೆ. ಇಸಿಜಿಯಲ್ಲಿ ಕ್ಯುಟಿ ಉದ್ದವಾಗಬಹುದು.

ಸಾಮಾನ್ಯ ಕ್ಯಾಲ್ಸಿಯಂ ವರದಿ ಇಲ್ಲಿ ದಾರಿ ತಪ್ಪಿಸುತ್ತದೆ, ಸಿಟ್ರೇಟ್ ಹಿಡಿದಿದ್ದನ್ನೂ ಅದು ಎಣಿಸುತ್ತದೆ. ಎಬಿಜಿ ಯಂತ್ರದ ಅಯೊನೈಸ್ಡ್ ಕ್ಯಾಲ್ಸಿಯಂ ನೋಡಿ, 1.0 ಮಿಲಿಮೋಲ್‌ಗಿಂತ ಕೆಳಗೆ ಬಿಡಬೇಡಿ. ಯಂತ್ರವಿಲ್ಲದಿದ್ದರೆ, ಸುಮಾರು ನಾಲ್ಕು ಚೀಲಕ್ಕೊಮ್ಮೆ ಕ್ಯಾಲ್ಸಿಯಂ ಕೊಡುವ ಬಗ್ಗೆ ವೈದ್ಯರನ್ನು ಕೇಳಿ. 10% ಕ್ಯಾಲ್ಸಿಯಂ ಕ್ಲೋರೈಡ್‌ನ 10 ಮಿಲಿಗೆ ಸಮವಾಗಲು 10% ಕ್ಯಾಲ್ಸಿಯಂ ಗ್ಲುಕೋನೇಟ್ 30 ಮಿಲಿ ಬೇಕು. ಒಂದೇ ಆಂಪೂಲ್ ಗ್ಲುಕೋನೇಟ್ ಕೊಟ್ಟು ಸುಮ್ಮನಾಗುವುದೇ ಹೆಚ್ಚು ಕಾಣುವ ತಪ್ಪು. ರಕ್ತ ಹೋಗುತ್ತಿರುವ ಲೈನಿನಲ್ಲಿ ಮಾತ್ರ ಕೊಡಲೇಬೇಡಿ, ಸೆಟ್‌ನಲ್ಲೇ ಹೆಪ್ಪುಗಟ್ಟುತ್ತದೆ.

ಒಸರುವುದಕ್ಕೆ ಇನ್ನೆರಡು ಕಾರಣ. ಕೆಂಪುಕಣದ ಚೀಲದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ಸಲೈನ್ ಸುರಿದರೆ ಇದ್ದದ್ದೂ ತೆಳುವಾಗುತ್ತದೆ. ಹಾಗಾಗಿ ಪ್ಲಾಸ್ಮಾವನ್ನು ಮೊದಲೇ ಕರಗಿಸಲು ಹೇಳಿ. ಇನ್ನೊಂದು, 4 ಡಿಗ್ರಿಯ ರಕ್ತ, ಮೈ ತಣ್ಣಗಾದರೆ ಹೆಪ್ಪುಗಟ್ಟುವಿಕೆ ಕೆಡುತ್ತದೆ. ಬ್ಲಡ್ ವಾರ್ಮರ್ ಬಳಸಿ. ಚೀಲವನ್ನು ಬಿಸಿನೀರಿನ ಬಕೆಟ್‌ಗೆ ಹಾಕಿದರೆ ಕಣಗಳು ಒಡೆಯುತ್ತವೆ.