ಪ್ರಬಂಧಕ್ಕೆ ಒಟ್ಟಾಗಿ ಒಂದೇ ಅಂಕವೋ, ಅಂಶವಾರು ಅಂಕವೋ?

ಪ್ರಶ್ನೆ: ಪ್ರಬಂಧ ಓದಿ ಒಟ್ಟಿಗೆ ಒಂದೇ ಅಂಕ ಕೊಡಬೇಕಾ, ಅಂಶ ಅಂಶವಾಗಿ ಬಿಡಿಸಿ ಕೊಡಬೇಕಾ?

ಆ ಅಂಕ ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ಮೊದಲು ನೋಡಿ. ಆಯ್ಕೆಗೆ ಮಾತ್ರವಾದರೆ ಒಟ್ಟು ಅಂಕ ಸಾಕು. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಬರವಣಿಗೆಗೆ 0ರಿಂದ 6ರವರೆಗೆ ಹೀಗೇ ಕೊಡುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಪ್ರತಿ ಅಂಕಕ್ಕೂ ಒಂದು ಮಾದರಿ ಪ್ರಬಂಧ ಎದುರಿಗಿರಲಿ. ಇಲ್ಲದಿದ್ದರೆ ಬೆಳಿಗ್ಗೆಯ 4 ಸಂಜೆಗೆ 3 ಆಗಿಬಿಡುತ್ತದೆ.

ಮಕ್ಕಳು ತಿದ್ದಿಕೊಳ್ಳಲಿ ಅಂತಿದ್ದರೆ ಬಿಡಿಸಿಯೇ ಕೊಡಿ. ಒಂಬತ್ತನೇ ತರಗತಿಯ ಇಬ್ಬರು 'ನಮ್ಮೂರ ಕೆರೆ' ಬಗ್ಗೆ ಬರೆದಿದ್ದಾರೆ ಅಂದುಕೊಳ್ಳಿ. ಒಬ್ಬಳು ಹೂಳು, ತೂಬು, ಒತ್ತುವರಿ ಎಲ್ಲ ಕಣ್ಣಿಗೆ ಕಟ್ಟುವಂತೆ ಹೇಳಿದ್ದಾಳೆ, ಒತ್ತಕ್ಷರ ಮಾತ್ರ ತಪ್ಪು. ಇನ್ನೊಬ್ಬ ಒಂದೂ ತಪ್ಪಿಲ್ಲದೆ 'ನೀರೇ ಜೀವ' ಅಂತ ಸುಮ್ನೆ ಪುಟ ತುಂಬಿಸಿದ್ದಾನೆ. ಒಟ್ಟು ಅಂಕದಲ್ಲಿ ಇಬ್ಬರಿಗೂ 3. ಬಿಡಿಸಿದರೆ ವಿಷಯ, ಜೋಡಣೆ, ವಾಕ್ಯ, ಕಾಗುಣಿತಕ್ಕೆ ಅವಳದು 5, 4, 3, 1. ಅವನದು 1, 3, 4, 5. ಕೂಡಿದರೆ ಮತ್ತೆ ಇಬ್ಬರಿಗೂ 13! ಅದಕ್ಕೇ ಮೊತ್ತವನ್ನಷ್ಟೇ ಕೊಡಬೇಡಿ, ನಾಲ್ಕೂ ಅಂಕ ಮಕ್ಕಳಿಗೆ ತೋರಿಸಿ.

ಒಂದು ಎಚ್ಚರಿಕೆ. ಮೊದಲ ಅಂಶದ ಮೆಚ್ಚುಗೆ ಉಳಿದವಕ್ಕೂ ಅಂಟಿಕೊಳ್ಳುತ್ತದೆ. ಹೆಚ್ಚಿನ ಹಾಳೆಗಳಲ್ಲಿ 4, 4, 4, 4 ಅಂತಲೇ ಕಂಡರೆ, ನೀವು ಬಿಡಿಸಿ ನೋಡಿಲ್ಲ, ಒಟ್ಟು ಅಂಕವನ್ನೇ ನಾಲ್ಕು ಸಲ ಬರೆದಿದ್ದೀರಿ. ಆಗ ಎಲ್ಲ ಹಾಳೆಗಳಿಗೂ ಮೊದಲು ವಿಷಯಕ್ಕಷ್ಟೇ ಅಂಕ ಹಾಕಿ, ಆಮೇಲೆ ಜೋಡಣೆಗೆ ಬನ್ನಿ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ನಾನಂತೂ ತರಗತಿಯಲ್ಲಿ ಹೀಗೇ ಮಾಡುತ್ತೇನೆ.