ಮಿನ್-ಮ್ಯಾಕ್ಸ್ ಇಟ್ಟರೂ ಸ್ಟಾಕ್ ಖಾಲಿ ಆಗ್ತಿದ್ದರೆ

> ವೈರ್ ಕಾಯಿಲ್‌ಗೆ ಮಿನ್ 120, ಮ್ಯಾಕ್ಸ್ 300 ಇಟ್ಟಿದ್ದೇವೆ. ಮಾಲು ಬರಲು 5 ದಿನ. ಆದರೂ ಆಗಾಗ ಖಾಲಿ ಆಗ್ತಿದೆ, ಯಾಕೆ?

ಬಹುಶಃ ನಿಮ್ಮ ಸ್ಟಾಕ್ 120ಕ್ಕೆ ಬಂದು ನಿಲ್ಲುತ್ತಿಲ್ಲ, ಅದನ್ನು ಹಾರಿ ಕೆಳಗೆ ಬೀಳುತ್ತಿದೆ. 130 ಇದ್ದಾಗ ಒಬ್ಬ ಕಾಂಟ್ರಾಕ್ಟರ್ 90 ಒಯ್ದರೆ ಉಳಿಯುವುದು 40. ಆರ್ಡರ್ ಹೋಗುವುದೇ ಆಮೇಲೆ. ಆ 40ರಲ್ಲಿ 5 ದಿನ ತಳ್ಳಬೇಕು, ಅಲ್ವಾ?

ಮೊದಲು ಆರು ತಿಂಗಳ ಬಿಲ್ ತೆಗೆದು, ಯಾವುದೇ ಸತತ 5 ದಿನದಲ್ಲಿ ಅತಿ ಜಾಸ್ತಿ ಎಷ್ಟು ಹೋಗಿದೆ ನೋಡಿ. ಸರಾಸರಿ ಬೇಡ. ಅದು 110 ಅಂದುಕೊಳ್ಳೋಣ.

ಅದಕ್ಕೆ ಹಾರಿ ಬೀಳುವ ಅಂತರ ಸೇರಿಸಿ. ಪ್ರತಿ ಬಿಲ್‌ನಲ್ಲಿ ಎಷ್ಟು ಕಾಯಿಲ್ ಹೋಗಿದೆಯೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಮಾರಾಟದ ಎರಡರಷ್ಟರಿಂದ ಭಾಗಿಸಿ. ಬಿಲ್‌ಗಳು 10, 10, 10, 90 ಇದ್ದರೆ 8400 ಭಾಗಿಸು 240, ಅಂದರೆ 35. ಸರಾಸರಿ ಬಿಲ್ 30, ಅದರ ಅರ್ಧ 15 ಸಾಕು ಅಂತ ಅನಿಸುತ್ತದೆ, ಆದರೆ ಒಂದೇ ದೊಡ್ಡ ಬಿಲ್ ಲೆಕ್ಕವನ್ನು ಇಷ್ಟು ಎಳೆಯುತ್ತದೆ. ಹೊಸ ಮಿನ್ 110 ಕೂಡಿಸು 35, ಅಂದರೆ 145. ಹಳೆ ಮಿನ್-ಮ್ಯಾಕ್ಸ್ ನಡುವಿನ 180 ಹಾಗೇ ಇರಲಿ, ಮ್ಯಾಕ್ಸ್ 325.

ಇನ್ನೊಂದು, ದಿನಾ ಸಂಜೆ ಹೋಲಿಸಬೇಕಾದ್ದು ಗೋಡೌನ್‌ನಲ್ಲಿರುವ ಮಾಲನ್ನು ಮಾತ್ರ ಅಲ್ಲ. ಅದಕ್ಕೆ ದಾರಿಯಲ್ಲಿರುವುದನ್ನು ಕೂಡಿಸಿ, ಗಿರಾಕಿಗೆ ಒಪ್ಪಿಕೊಂಡಿದ್ದನ್ನು ಕಳೆಯಿರಿ. ಅದು 145 ಅಥವಾ ಕಡಿಮೆ ಆದರೆ, 325 ಆಗಲು ಎಷ್ಟು ಬೇಕೋ ಅಷ್ಟು ಆರ್ಡರ್ ಹಾಕಿ. ದಾರಿಯಲ್ಲಿರುವುದನ್ನು ಬಿಟ್ಟರೆ ಸುಮ್ನೆ ಎರಡೆರಡು ಸಲ ಆರ್ಡರ್ ಹೋಗುತ್ತದೆ.

ತಿಂಗಳಿಗೆ ಒಂದೆರಡೇ ಬಿಲ್ ಆಗುವ ಐಟಂಗೆ ಈ ಲೆಕ್ಕ ಅಷ್ಟು ನಂಬಿಕೆಯದ್ದಲ್ಲ. ಅಂಥದ್ದಕ್ಕೆ, ಹಾಗೇ 200-300ರ ಆರ್ಡರ್‌ಗೆ, ಕಾಂಟ್ರಾಕ್ಟರ್ ಹತ್ತಿರ ವಾರ ಮುಂಚೆ ಹೇಳಿಸಿಕೊಂಡು ಬೇರೆಯಾಗಿ ತರಿಸಿ. ಆ ಬಿಲ್‌ಗಳನ್ನು ಮೇಲಿನ ಲೆಕ್ಕದಿಂದ ತೆಗೆದುಬಿಡಿ.